ಗಾಬರಿ ಕಾಯಿಲೆ: ಮೊದಲ ಮಾತ್ರೆಯಿಂದ ಕೊನೆಯ ಮಾತ್ರೆಯವರೆಗೆ

ಆತಂಕದ ಕಾಯಿಲೆಗಳಿಗೆ ಇಂದು ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆಗಳನ್ನು. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್, ಫ್ಲುಆಕ್ಸೆಟಿನ್ ಇವೆಲ್ಲ ಇದೇ ಗುಂಪಿನವು. ಇವುಗಳಲ್ಲಿ ಫ್ಲುಆಕ್ಸೆಟಿನ್‌ಗೆ ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಅದು ಖಿನ್ನತೆಯ ಔಷಧ. ಆತಂಕಕ್ಕೂ ಈ ಗುಂಪು ಕೆಲಸ ಮಾಡುತ್ತದೆ ಎಂಬುದು ಮುಂದಿನ ವರ್ಷಗಳ ಪರೀಕ್ಷೆಗಳಲ್ಲಿ ಸಾಬೀತಾಯಿತು. ಹೀಗಾಗಿಯೇ ಔಷಧದ ಜೊತೆ ಬರುವ ಚೀಟಿಯಲ್ಲಿ ‘ಖಿನ್ನತೆ ನಿವಾರಕ’ ಎಂದು ಓದಿ, ‘ನನಗಿರುವುದು ಭಯ, ಖಿನ್ನತೆ ಅಲ್ಲವಲ್ಲ’ ಎಂದು ಗೊಂದಲಕ್ಕೆ ಬೀಳುವವರು ಬಹಳ ಮಂದಿ. ವೈದ್ಯರು ತಪ್ಪು ಮಾತ್ರೆ ಕೊಟ್ಟಿಲ್ಲ, ಗುಂಪಿನ ಹೆಸರು ಹಳೆಯದು, ಅಷ್ಟೆ.

ಈ ಮಾತ್ರೆಗಳ ಬಗ್ಗೆ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಇವುಗಳ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದವರಿಗೆ ಗಂಟೆಯೊಳಗೆ ಮೈ ಬೆವರಿ ಹಾಯೆನಿಸುತ್ತದೆ. ಎಸ್‌ಎಸ್‌ಆರ್‌ಐ ನುಂಗಿದವರಿಗೆ ಎರಡನೇ ದಿನ ಹೊಟ್ಟೆ ತೊಳಸುತ್ತದೆ, ನೆಮ್ಮದಿ ಸಿಗುವುದು ನಾಲ್ಕನೇ ವಾರವೋ ಆರನೇ ವಾರವೋ. ಈ ಅಂತರವನ್ನು ಯಾರೂ ಮೊದಲೇ ಹೇಳದಿದ್ದರೆ ರೋಗಿ ಐದನೇ ದಿನಕ್ಕೆ ಮಾತ್ರೆ ಬಿಡುತ್ತಾನೆ. ‘ಅದನ್ನೂ ತಗೊಂಡು ನೋಡಿದೆ, ನನ್ನ ಮೈಗೆ ಒಗ್ಗಲಿಲ್ಲ’ ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಔಷಧಕ್ಕೆ ಕೆಲಸ ಮಾಡುವ ಅವಕಾಶವೇ ಸಿಕ್ಕಿರುವುದಿಲ್ಲ.

ಆತಂಕದ ಕಾಯಿಲೆಗಳಲ್ಲಿ ಹಲವು ಬಗೆಗಳಿವೆ. ದಿನವಿಡೀ ಏನಾದರೊಂದು ಚಿಂತೆ ಕೊರೆಯುವುದು ಒಂದು ಬಗೆ, ನಾಲ್ಕು ಜನರ ಎದುರು ನಿಲ್ಲಲಾಗದ ಭಯ ಇನ್ನೊಂದು. ಚಿಕಿತ್ಸೆಯ ನಡೆ ತೀರ ಸ್ಪಷ್ಟವಾಗಿ ಕಾಣುವುದು ಪ್ಯಾನಿಕ್ ಡಿಸಾರ್ಡರ್ ಎಂಬ ಗಾಬರಿ ಕಾಯಿಲೆಯಲ್ಲಿ. ಇಲ್ಲಿ ಅದನ್ನೇ ಹಿಡಿದು ಹೋಗಬಹುದು.

ಬಸ್ಸಿನಲ್ಲಿ ಬಂದ ‘ಹಾರ್ಟ್ ಅಟ್ಯಾಕ್’

ಉದಾಹರಣೆಗೆ, ತುಮಕೂರಿನಿಂದ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ 34 ವರ್ಷದ ಒಬ್ಬ ನೌಕರನನ್ನು ಇಟ್ಟುಕೊಳ್ಳೋಣ. ಒಂದು ಬೆಳಿಗ್ಗೆ ಬಸ್ಸು ಪೀಣ್ಯದ ಮೇಲ್ಸೇತುವೆ ಹತ್ತಿದಾಗ ಆತನ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಳ್ಳುತ್ತದೆ. ಉಸಿರು ಸಾಲದು ಅನಿಸುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ, ಅಂಗೈ ತಣ್ಣಗಾಗುತ್ತದೆ. ಸೇತುವೆಯ ಮೇಲೆ ಬಸ್ಸು ನಿಲ್ಲುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ‘ಇನ್ನು ನಾನು ಉಳಿಯುವುದಿಲ್ಲ’ ಎಂಬುದೊಂದೇ ಯೋಚನೆ. ಹತ್ತು ನಿಮಿಷದೊಳಗೆ ಅದು ತುತ್ತತುದಿಗೆ ಹೋಗಿ, ನಿಧಾನಕ್ಕೆ ಇಳಿಯುತ್ತದೆ. ಯಶವಂತಪುರದಲ್ಲಿ ಇಳಿದವನು ಆಟೊ ಹಿಡಿದು ಸೀದಾ ಆಸ್ಪತ್ರೆಗೆ ಹೋಗುತ್ತಾನೆ.

ಇಸಿಜಿ ಸರಿಯಿದೆ, ಎಕೊ ಸರಿಯಿದೆ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಗ್ಯಾಸ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮುಂದಿನ ಒಂದು ತಿಂಗಳಲ್ಲಿ ಹಾಗೆಯೇ ಹತ್ತಾರು ಸಲ ಆಗುತ್ತದೆ. ಆತ ಬಸ್ಸು ಬಿಟ್ಟು ಸ್ನೇಹಿತನ ಕಾರು ಹಿಡಿಯುತ್ತಾನೆ, ಕಾರಿನಲ್ಲೂ ಕಿಟಕಿ ಇಳಿಸಿಯೇ ಕೂರುತ್ತಾನೆ, ನೀರಿನ ಬಾಟಲಿ ಇಲ್ಲದೆ ಹೊರಗೆ ಹೆಜ್ಜೆ ಇಡುವುದಿಲ್ಲ. ಮತ್ತೆ ಯಾವಾಗ ಬರುತ್ತದೋ ಎಂಬ ಭಯ, ಆ ಭಯದಿಂದ ದಿನಚರಿಯೇ ಬದಲಾಗುವುದು, ಇವೆರಡೂ ಒಂದು ತಿಂಗಳಿಗೂ ಮೀರಿ ಇದ್ದರೆ ವೈದ್ಯರು ಅದನ್ನು ಗಾಬರಿ ಕಾಯಿಲೆ ಎನ್ನುತ್ತಾರೆ. ಒಂದೇ ಒಂದು ಸಲ ಗಾಬರಿ ಬಂದು ಹೋದರೆ ಅದು ಕಾಯಿಲೆಯಲ್ಲ.

ಮನೋವೈದ್ಯರ ಬಳಿಗೆ ಹೋದಾಗ ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡುತ್ತಾರೆ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ದಿನಕ್ಕೆ ಎಷ್ಟು ಕಾಫಿ, ಮದ್ಯದ ಅಭ್ಯಾಸ ಇದೆಯೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದೂ ಕೇಳುತ್ತಾರೆ. ಇನ್ನೊಂದು ಪ್ರಶ್ನೆ ಇನ್ನೂ ಮುಖ್ಯವಾದದ್ದು: ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯೇ ಬೇಡವೆನಿಸುವಷ್ಟು ಉತ್ಸಾಹ, ಅತಿ ಮಾತು, ಕೈಮೀರಿ ಖರ್ಚು ಇದ್ದದ್ದುಂಟೆ? ಇದ್ದಿದ್ದರೆ ಅದು ಬೈಪೋಲಾರ್ ಕಾಯಿಲೆಯ ಗುರುತಾಗಿರಬಹುದು. ಅಂಥವರಿಗೆ ಎಸ್‌ಎಸ್‌ಆರ್‌ಐ ಒಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. ಈ ಪ್ರಶ್ನೆಗೆ ಉತ್ತರಿಸುವಾಗ ಮನೆಯವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಆ ದಿನಗಳು ರೋಗಿಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತವೆ.

ಮೊದಲ ಎರಡು ವಾರ

ನಮ್ಮ ನೌಕರನಿಗೆ ವೈದ್ಯರು ಎಸ್ಸಿಟಲೋಪ್ರಾಮ್ 5 ಮಿ.ಗ್ರಾಂ. ಬರೆದರು ಎಂದುಕೊಳ್ಳೋಣ. ಒಂದು ವಾರ ದಿನಕ್ಕೊಂದು, ತಿಂಡಿಯಾದ ಮೇಲೆ. ಎರಡನೇ ವಾರದಿಂದ 10 ಮಿ.ಗ್ರಾಂ. ಸರ್ಟ್ರಾಲಿನ್ ಆಗಿದ್ದರೆ 25ರಿಂದ ಶುರುವಾಗಿ 50ಕ್ಕೆ ಏರುತ್ತಿತ್ತು. ಹೀಗೆ ಅರ್ಧ ಪ್ರಮಾಣದಿಂದ ಶುರುಮಾಡಲು ಕಾರಣವಿದೆ. ಗಾಬರಿ ಕಾಯಿಲೆಯವರು ತಮ್ಮ ಎದೆಬಡಿತ, ಉಸಿರು, ಬೆವರನ್ನು ಹಗಲಿರುಳೂ ಕಾಯುತ್ತಿರುತ್ತಾರೆ. ಈ ಮಾತ್ರೆಗಳು ಮೊದಲ ದಿನಗಳಲ್ಲಿ ಸ್ವಲ್ಪ ಚಡಪಡಿಕೆ ತರುತ್ತವೆ. ಪೂರ್ತಿ ಪ್ರಮಾಣ ಒಮ್ಮೆಗೇ ಕೊಟ್ಟರೆ ಆ ಚಡಪಡಿಕೆಯೇ ಇನ್ನೊಂದು ಗಾಬರಿಗೆ ದಾರಿಯಾಗುತ್ತದೆ.

ಎರಡನೇ ಅಥವಾ ಮೂರನೇ ದಿನ ಹೊಟ್ಟೆ ತೊಳಸಲು ಶುರುವಾಗುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ತಲೆನೋವು, ಬಾಯಿ ಒಣಗುವುದು, ಸುಮ್ಮನೆ ಬೆವರುವುದು. ರಾತ್ರಿ ಮೂರಕ್ಕೆ ಎಚ್ಚರವಾಗುವವರಿದ್ದಾರೆ, ಹಗಲೆಲ್ಲ ಆಕಳಿಸುವವರೂ ಇದ್ದಾರೆ. ಹೊಟ್ಟೆಯೇ ಮೊದಲು ಕೆಡುವುದಕ್ಕೆ ಒಂದು ಸರಳ ಕಾರಣವಿದೆ. ಈ ಮಾತ್ರೆ ಕೆಲಸ ಮಾಡುವುದು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗ ಇರುವುದು ಮೆದುಳಿನಲ್ಲಲ್ಲ, ಕರುಳಿನಲ್ಲಿ. ಮಾತ್ರೆಯ ಬಿಸಿ ಮೊದಲು ತಟ್ಟುವುದು ಅಲ್ಲಿಗೆ.

ಮೆದುಳಿನಲ್ಲಿ ನಡೆಯುವುದು ಬೇರೆ ಕತೆ. ಒಂದು ನರಕೋಶ ಬಿಡುಗಡೆ ಮಾಡಿದ ಸೆರೊಟೋನಿನ್ ತನ್ನ ಕೆಲಸ ಮುಗಿಸಿದ ಮೇಲೆ, ಅದೇ ಕೋಶ ಅದನ್ನು ವಾಪಸು ಎಳೆದುಕೊಳ್ಳುತ್ತದೆ. ಎಸ್‌ಎಸ್‌ಆರ್‌ಐ ಆ ವಾಪಸಾತಿಗೆ ತಡೆ ಹಾಕುತ್ತದೆ. ಈ ತಡೆ ಬೀಳುವುದು ಮೊದಲ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ. ಹಾಗಿದ್ದರೂ ಗುಣಕ್ಕೆ ವಾರಗಳು ಯಾಕೆ ಬೇಕು? ಹೆಚ್ಚು ಒಪ್ಪಿತವಾದ ಒಂದು ವಿವರಣೆ ಹೀಗಿದೆ. ಸೆರೊಟೋನಿನ್ ಹೆಚ್ಚಿದ ತಕ್ಷಣ ನರಕೋಶ ತನ್ನದೇ ಬ್ರೇಕು ಒತ್ತಿ ಬಿಡುಗಡೆಯನ್ನು ಕಡಿಮೆ ಮಾಡುತ್ತದೆ. ದಿನಗಳು ಕಳೆದಂತೆ ಆ ಬ್ರೇಕು ಸಡಿಲವಾಗುತ್ತದೆ, ಭಯವನ್ನು ಎಬ್ಬಿಸುವ ಜಾಲಗಳು ಹೊಸ ಮಟ್ಟಕ್ಕೆ ಹೊಂದಿಕೊಳ್ಳುತ್ತವೆ. ‘ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆ ಇದೆ, ಮಾತ್ರೆ ಅದನ್ನು ತುಂಬುತ್ತದೆ’ ಎಂದು ಬಹಳ ಕಡೆ ಹೇಳುವುದುಂಟು. ಅದು ಅಷ್ಟು ಸರಿಯಲ್ಲ. ಬಾವಿಗೆ ನೀರು ಸುರಿದ ಹಾಗೆ ಈ ಕೆಲಸ ನಡೆಯುವುದಿಲ್ಲ.

ಈ ದಿನಗಳಲ್ಲಿ ಮನೆಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ‘ಏನ್ರೀ ಇದು, ಮಾತ್ರೆ ಶುರು ಮಾಡಿದ್ಮೇಲೆ ಊಟಾನೇ ಸೇರ್ತಿಲ್ಲ ನಿಮ್ಗೆ. ಬಿಟ್ಬಿಡಿ ಅದನ್ನ’ ಎಂದು ಹೆಂಡತಿ ಹೇಳುತ್ತಾಳೆ. ಹೇಳುವುದು ಕಾಳಜಿಯಿಂದಲೇ. ಆದರೆ ಈ ತೊಂದರೆಗಳಲ್ಲಿ ಬಹುಪಾಲು ಒಂದೆರಡು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಊಟದ ನಂತರ ಮಾತ್ರೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ನಿದ್ದೆ ಕೆಟ್ಟರೆ ಬೆಳಿಗ್ಗೆಗೆ, ತೂಕಡಿಕೆ ಬಂದರೆ ರಾತ್ರಿಗೆ ಬದಲಿಸಬಹುದು. ತಡೆಯಲು ಆಗದಿದ್ದರೆ ವೈದ್ಯರಿಗೆ ಫೋನು ಮಾಡಿ ಇನ್ನೊಂದು ವಾರ 5 ಮಿ.ಗ್ರಾಂ.ನಲ್ಲೇ ನಿಲ್ಲಬಹುದು. ಇವೆಲ್ಲ ಮಾತ್ರೆ ಬಿಡುವುದಕ್ಕಿಂತ ಒಳ್ಳೆಯ ದಾರಿಗಳು.

ಕಾಯದೆ ವೈದ್ಯರ ಬಳಿ ಹೋಗಬೇಕಾದ ಚಿಹ್ನೆಗಳು ಬೇರೆ ಇವೆ. ಕೂತಲ್ಲಿ ಕೂರಲಾರದ, ದಿನದಿಂದ ದಿನಕ್ಕೆ ಏರುವ ಚಡಪಡಿಕೆ ಒಂದು. ನಿದ್ದೆಯಿಲ್ಲದೆಯೂ ಉಕ್ಕುವ ಉತ್ಸಾಹ ಮತ್ತೊಂದು. ಸಾಯಬೇಕೆಂಬ ಯೋಚನೆ ಹೊಸದಾಗಿ ಬಂದರೆ ಅಥವಾ ಹೆಚ್ಚಾದರೆ ಅದೇ ದಿನ ಹೇಳಬೇಕು. 25 ವರ್ಷದೊಳಗಿನವರಲ್ಲಿ, ಅದರಲ್ಲೂ ಮಾತ್ರೆ ಶುರುವಾದ ಅಥವಾ ಪ್ರಮಾಣ ಬದಲಾದ ವಾರಗಳಲ್ಲಿ, ಇಂಥ ಯೋಚನೆ ಕೆಲವರಿಗೆ ಬರುವುದುಂಟು. ಆದ್ದರಿಂದ ಕಾಲೇಜು ವಯಸ್ಸಿನ ಮಗ ಅಥವಾ ಮಗಳಿಗೆ ಮಾತ್ರೆ ಶುರುವಾದಾಗ ಮನೆಯವರು ಒಂದು ಕಣ್ಣಿಟ್ಟಿರಬೇಕು. ಹೆಚ್ಚು ನಡುಕ, ಜ್ವರ, ಮೈ ಸೆಟೆಯುವುದು, ಮಂಕುಬಡಿಯುವುದು ಒಟ್ಟಿಗೆ ಕಂಡರೆ ಅದು ಸೆರೊಟೋನಿನ್ ವಿಪರೀತವಾದ ಲಕ್ಷಣ, ತುರ್ತು ಚಿಕಿತ್ಸೆ ಬೇಕು. ಒಂದೇ ಮಾತ್ರೆಯಿಂದ ಇದು ಅಪರೂಪ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆಗೆ ಸೇರಿದಾಗ ಅಪಾಯ ಹೆಚ್ಚು.

ಜೊತೆಗೆ ಬರುವ ಇನ್ನೊಂದು ಮಾತ್ರೆ

ನಮ್ಮಲ್ಲಿ ಒಂದು ವಿಶೇಷವಿದೆ. ಎಸ್ಸಿಟಲೋಪ್ರಾಮ್ ಮತ್ತು ಕ್ಲೊನಜೆಪಾಮ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಮಾರುತ್ತಾರೆ, ಅದನ್ನು ಬರೆದುಕೊಡುವುದೂ ಬಹಳ. ಕ್ಲೊನಜೆಪಾಮ್ ಮತ್ತು ಆಲ್ಪ್ರಜೋಲಾಮ್ ಬೇರೆಯೇ ಗುಂಪಿನವು. ಇವು ಅರ್ಧ ಗಂಟೆ, ಒಂದು ಗಂಟೆಯಲ್ಲೇ ಎದೆಬಡಿತವನ್ನು ತಣಿಸುತ್ತವೆ. ಎಸ್‌ಎಸ್‌ಆರ್‌ಐ ಕೈಹಿಡಿಯುವ ತನಕ ಎರಡರಿಂದ ನಾಲ್ಕು ವಾರ ಆಸರೆಯಾಗಿ ಕೊಡುವುದರಲ್ಲಿ ಅರ್ಥವಿದೆ. ಅಷ್ಟಕ್ಕೇ ನಿಲ್ಲದೆ ತಿಂಗಳುಗಟ್ಟಲೆ ನಡೆದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ, ಬಿಡುವುದು ಕಷ್ಟವಾಗುತ್ತದೆ. ಹಗಲು ಮಂಪರು, ಮರೆವು, ವಯಸ್ಸಾದವರಲ್ಲಿ ಜಾರಿ ಬೀಳುವುದು ಇದರ ಬೆಲೆ. ಮದ್ಯದ ಜೊತೆ ಇದು ಸೇರಿದರೆ ಉಸಿರಾಟಕ್ಕೇ ಕುತ್ತು.

ಜೋಡಿ ಗುಳಿಗೆಯ ತೊಡಕು ಇಲ್ಲಿ ಕಾಣುತ್ತದೆ. ಎಸ್ಸಿಟಲೋಪ್ರಾಮ್ ಒಂದು ವರ್ಷ ನಡೆಯಬೇಕು, ಕ್ಲೊನಜೆಪಾಮ್ ಒಂದು ತಿಂಗಳಿಗೆ ಮುಗಿಯಬೇಕು. ಒಂದೇ ಗುಳಿಗೆಯಲ್ಲಿದ್ದರೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಇಳಿಸುವುದಾದರೂ ಹೇಗೆ? ಆರು ತಿಂಗಳ ಮೇಲೆ ‘ಈಗ ಚೆನ್ನಾಗಿದ್ದೇನೆ’ ಎಂದು ಇದನ್ನು ಥಟ್ಟನೆ ಬಿಟ್ಟವರಿಗೆ ಎರಡು ಔಷಧಗಳೂ ಒಟ್ಟಿಗೇ ತಪ್ಪುತ್ತವೆ. ಆಗ ಬರುವ ನಡುಕ, ನಿದ್ದೆಗೇಡು, ಅಪರೂಪಕ್ಕೆ ಫಿಟ್ಸ್ ಕೂಡ ಕ್ಲೊನಜೆಪಾಮ್ ಬಿಟ್ಟದ್ದರಿಂದ ಆದದ್ದು. ಗುಳಿಗೆಯ ಸ್ಟ್ರಿಪ್ಪಿನ ಹಿಂದೆ ಔಷಧಗಳ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ. ಅಲ್ಲಿ ಎರಡು ಹೆಸರಿದ್ದರೆ, ‘ಡಾಕ್ಟ್ರೇ, ಇದರಲ್ಲಿ ಯಾವುದನ್ನು ಎಷ್ಟು ದಿನ?’ ಎಂದು ಮೊದಲ ಭೇಟಿಯಲ್ಲೇ ಕೇಳಿಬಿಡಬೇಕು.

ಲೆಕ್ಕದ ಪುಸ್ತಕ

ಗುಣವಾಗುತ್ತಿದೆಯೇ ಎಂದು ಆಯಾ ದಿನದ ಮನಸ್ಸನ್ನು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ನಿನ್ನೆ ಗಾಬರಿ ಬಂದಿದ್ದರೆ ‘ಏನೂ ಪ್ರಯೋಜನವಿಲ್ಲ’ ಎನಿಸುತ್ತದೆ. ಒಂದು ಚಿಕ್ಕ ಪುಸ್ತಕದಲ್ಲಿ ವಾರಕ್ಕೆ ಎಷ್ಟು ಸಲ ಗಾಬರಿ ಬಂತು, ಎಲ್ಲೆಲ್ಲಿಗೆ ಹೋಗುವುದನ್ನು ತಪ್ಪಿಸಿದೆ ಎಂದು ಎರಡೇ ಸಂಗತಿ ಬರೆದಿಟ್ಟರೆ ಸಾಕು. ನಮ್ಮ ನೌಕರನ ಪುಸ್ತಕ ಹೀಗಿರಬಹುದು: ಮೊದಲ ವಾರ 4, ಎರಡನೇ ವಾರ 5, ನಾಲ್ಕನೇ ವಾರ 3, ಆರನೇ ವಾರ 1. ಎರಡನೇ ವಾರದ ಆ ಏರಿಕೆ ಸೋಲಿನ ಗುರುತಲ್ಲ. ನಾಲ್ಕನೇ ವಾರದಲ್ಲಿ ‘ಈಚೆಗೆ ಸ್ವಲ್ಪ ಸಿಡುಕು ಕಡಿಮೆಯಾಗಿದೆ’ ಎಂದು ಮನೆಯವರು ಹೇಳುತ್ತಾರೆ. ಬದಲಾವಣೆ ರೋಗಿಗಿಂತ ಮೊದಲು ಅವರ ಕಣ್ಣಿಗೆ ಬೀಳುವುದುಂಟು.

ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಕಳೆದರೂ ಪುಸ್ತಕದಲ್ಲಿ ಏನೂ ಕದಲದಿದ್ದರೆ ವೈದ್ಯರು ಪ್ರಮಾಣ ಏರಿಸುತ್ತಾರೆ. ಎಸ್ಸಿಟಲೋಪ್ರಾಮ್‌ಗೆ ಸಾಮಾನ್ಯ ಗಡಿ 20 ಮಿ.ಗ್ರಾಂ., ವಯಸ್ಸಾದವರಿಗೆ ಹೃದಯದ ಲಯದ ದೃಷ್ಟಿಯಿಂದ 10. ಹನ್ನೆರಡು ವಾರ ಕೊಟ್ಟು ನೋಡಿಯೂ ಪ್ರಯೋಜನ ಕಾಣದಿದ್ದರೆ ಗುಂಪಿನ ಬೇರೆ ಮಾತ್ರೆಗೆ ಹೋಗುವುದು ವಾಡಿಕೆ. ಒಂದು ಹೊಂದದವರಿಗೆ ಇನ್ನೊಂದು ಹೊಂದುವುದುಂಟು. ಯಾರಿಗೆ ಯಾವುದು ಎಂದು ಮೊದಲೇ ಹೇಳಬಲ್ಲ ರಕ್ತಪರೀಕ್ಷೆ ಇಲ್ಲ.

ಈಗ ಹತ್ತನೇ ವಾರಕ್ಕೆ ಬರೋಣ. ಪುಸ್ತಕದಲ್ಲಿ ಗಾಬರಿಯ ಲೆಕ್ಕ ಸೊನ್ನೆ. ಎರಡನೇ ಸಾಲಿನಲ್ಲಿ ಮಾತ್ರ ‘ಬಸ್ಸು ಹತ್ತಲಿಲ್ಲ’ ಎಂದು ಹತ್ತು ವಾರವೂ ಒಂದೇ ಬರಹ. ಗಾಬರಿ ನಿಂತಿದೆ, ಗಾಬರಿಯ ಭಯ ನಿಂತಿಲ್ಲ. ಮಾತ್ರೆ ತಾನು ಮಾಡಬೇಕಾದ್ದನ್ನು ಮಾಡಿ ಮುಗಿಸಿದೆ. ಇಲ್ಲಿಂದ ಮುಂದಿನದು ಥೆರಪಿಯ ಕೆಲಸ. ನಿಜ ಹೇಳಬೇಕೆಂದರೆ ಅದು ಮೊದಲ ವಾರದಿಂದಲೇ ಜೊತೆಗೆ ಶುರುವಾಗಿದ್ದರೆ ಇನ್ನೂ ಚೆನ್ನಿತ್ತು.

ಗಾಬರಿಯನ್ನು ಕರೆದು ಕೂರಿಸುವ ಚಿಕಿತ್ಸೆ

ಆತಂಕಕ್ಕೆ ಹೆಚ್ಚು ಪರೀಕ್ಷೆಗೆ ಒಳಗಾಗಿ ಗೆದ್ದಿರುವ ಥೆರಪಿಯ ಹೆಸರು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಒಟ್ಟು ಹನ್ನೆರಡರ ಆಸುಪಾಸಿನಲ್ಲಿ ಭೇಟಿಗಳು. ಗಾಬರಿ ಕಾಯಿಲೆಯ ಸಿಬಿಟಿಗೆ ತಳಹದಿ ಹಾಕಿದ್ದರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮುಂದಿಟ್ಟ ವಿವರಣೆಯ ಪಾಲು ದೊಡ್ಡದು. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ, ಮೆಟ್ಟಿಲು ಹತ್ತಿದ್ದಕ್ಕೋ ಕಾಫಿ ಕುಡಿದದ್ದಕ್ಕೋ. ಮನಸ್ಸು ಅದನ್ನು ‘ಹೃದಯ ನಿಲ್ಲುತ್ತಿದೆ’ ಎಂದು ಓದುತ್ತದೆ. ಆ ಓದಿನಿಂದ ಭಯ, ಭಯದಿಂದ ಇನ್ನೂ ಜೋರಾದ ಬಡಿತ, ಅದರಿಂದ ಇನ್ನೂ ಗಟ್ಟಿಯಾದ ನಂಬಿಕೆ. ಹೀಗೆ ಗಾಣದ ಎತ್ತಿನ ಹಾಗೆ ಸುತ್ತು ಸುತ್ತುತ್ತದೆ. ಮಾತ್ರೆ ಬಡಿತವನ್ನು ತಗ್ಗಿಸಿ ಈ ಸುತ್ತನ್ನು ನಿಧಾನ ಮಾಡುತ್ತದೆ. ಥೆರಪಿ ಕೈಹಾಕುವುದು ಆ ತಪ್ಪು ಓದಿಗೆ.

ಮೊದಲ ಒಂದೆರಡು ಭೇಟಿಗಳಲ್ಲಿ ಥೆರಪಿಸ್ಟ್ ರೋಗಿಯದೇ ಒಂದು ಗಾಬರಿಯನ್ನು ತೆಗೆದುಕೊಂಡು ಈ ಸುತ್ತನ್ನು ಕಾಗದದ ಮೇಲೆ ಬಿಡಿಸುತ್ತಾರೆ. ಮೂರನೇ ಅಥವಾ ನಾಲ್ಕನೇ ಭೇಟಿಗೆ ಹೊತ್ತಿಗೆ ರೋಗಿ ನಿರೀಕ್ಷಿಸದ ಕೆಲಸವೊಂದು ಶುರುವಾಗುತ್ತದೆ: ಗಾಬರಿಯ ಲಕ್ಷಣಗಳನ್ನು ಬೇಕೆಂದೇ ಬರಿಸಿಕೊಳ್ಳುವುದು. ಒಂದು ನಿಮಿಷ ಜೋರಾಗಿ, ಬೇಗಬೇಗ ಉಸಿರಾಡಬೇಕು. ತೆಳ್ಳನೆಯ ಸ್ಟ್ರಾ ಒಂದರ ಮೂಲಕವಷ್ಟೇ ಉಸಿರೆಳೆಯಬೇಕು. ತಿರುಗುವ ಕುರ್ಚಿಯಲ್ಲಿ ಸುತ್ತಬೇಕು. ಅದಕ್ಕೂ ಮೊದಲು ಒಂದು ಚೀಟಿಯಲ್ಲಿ ‘ನಿಲ್ಲಿಸದಿದ್ದರೆ ಪ್ರಜ್ಞೆ ತಪ್ಪಿ ಬೀಳುತ್ತೇನೆ, ನಂಬಿಕೆ ನೂರಕ್ಕೆ ಎಂಬತ್ತು’ ಎಂದು ಬರೆದಿಡಬೇಕು. ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಸ್ಸಿನಲ್ಲಿ ಆದದ್ದೆಲ್ಲ ಆಗುತ್ತದೆ. ಬೀಳುವುದು ಮಾತ್ರ ಇಲ್ಲ. ಮೂರು ಸಲ, ಐದು ಸಲ ಮಾಡಿದ ಮೇಲೆ ಚೀಟಿಯ ಎಂಬತ್ತು ನಲವತ್ತಕ್ಕೆ, ಆಮೇಲೆ ಹದಿನೈದಕ್ಕೆ ಇಳಿಯುತ್ತದೆ. ಬಾಯಿಮಾತಿನಲ್ಲಿ ‘ನಿಮಗೇನೂ ಆಗಲ್ಲ’ ಎಂದು ಸಾವಿರ ಸಲ ಹೇಳಿದರೂ ಆಗದ ಕೆಲಸ ಅದು. ಹೃದ್ರೋಗ, ಆಸ್ತಮಾ, ಫಿಟ್ಸ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಅಭ್ಯಾಸಗಳನ್ನು ಮಾಡಬಾರದು.

ಆಮೇಲೆ ಬಸ್ಸಿನ ಸರದಿ. ಇದನ್ನು ಏಣಿಯ ಹಾಗೆ ಮೆಟ್ಟಿಲು ಮಾಡುತ್ತಾರೆ. ಮೊದಲು ತುಮಕೂರಿನ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸಿನೊಳಗೆ ಹತ್ತು ನಿಮಿಷ ಕೂರುವುದು. ನಂತರ ಕ್ಯಾತ್ಸಂದ್ರದವರೆಗೆ ಹೋಗಿ ಇಳಿಯುವುದು. ಅದು ಸಲೀಸಾದ ಮೇಲೆ ದಾಬಸ್‌ಪೇಟೆ, ಅಲ್ಲಿಂದ ನೆಲಮಂಗಲ. ಕೊನೆಯ ಮೆಟ್ಟಿಲು ಪೀಣ್ಯದ ಆ ಮೇಲ್ಸೇತುವೆ. ಪ್ರತಿ ಮೆಟ್ಟಿಲನ್ನೂ ವಾರದಲ್ಲಿ ಹಲವು ಸಲ ಮಾಡಬೇಕು, ಭಯ ತಾನಾಗಿ ಇಳಿಯುವ ತನಕ ಅಲ್ಲೇ ಇರಬೇಕು. ಭಯ ಹೆಚ್ಚಾದ ಗಳಿಗೆಯಲ್ಲೇ ಇಳಿದು ಓಡಿದರೆ ‘ಓಡಿದ್ದಕ್ಕೇ ಬದುಕಿದೆ’ ಎಂಬ ಪಾಠ ಗಟ್ಟಿಯಾಗುತ್ತದೆ.

ಬಹಳ ಥೆರಪಿಗಳು ಎಡವುವ ಜಾಗವೊಂದಿದೆ. ಆತ ಬಸ್ಸೇನೋ ಹತ್ತುತ್ತಾನೆ, ಆದರೆ ಬಾಗಿಲ ಪಕ್ಕದ ಸೀಟು, ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಒಂದು ಆಲ್ಪ್ರಜೋಲಾಮ್, ಕಿವಿಯಲ್ಲಿ ಹೆಂಡತಿಯ ಫೋನು. ಬೆಂಗಳೂರು ತಲುಪಿದ ಮೇಲೆ ‘ಬಾಟಲಿ ಇದ್ದದ್ದಕ್ಕೆ ಬಚಾವಾದೆ’ ಎಂದುಕೊಳ್ಳುತ್ತಾನೆ. ಇವನ್ನು ರಕ್ಷಣೆಯ ನಡವಳಿಕೆಗಳು ಎನ್ನುತ್ತಾರೆ. ಇವು ಒಂದೊಂದಾಗಿ ಕಳಚದಿದ್ದರೆ ಎಷ್ಟು ಸಲ ಬಸ್ಸು ಹತ್ತಿದರೂ ಕಲಿಕೆ ಆಗುವುದಿಲ್ಲ. ಜೇಬಿನ ಮಾತ್ರೆ ಸಾಮಾನ್ಯವಾಗಿ ಕೊನೆಗೆ ಬಿಡುವಂಥದ್ದು.

ಥೆರಪಿಗೂ ಅಡ್ಡಪರಿಣಾಮ ಇದೆ. ಅಭ್ಯಾಸ ಶುರುವಾದ ವಾರಗಳಲ್ಲಿ ಆತಂಕ ಹೆಚ್ಚುತ್ತದೆ, ಸುಸ್ತಾಗುತ್ತದೆ, ‘ಇದನ್ನು ಬಿಟ್ಟರೆ ಸಾಕಪ್ಪ’ ಅನಿಸುತ್ತದೆ. ಫಲ ಕಾಣಿಸುವುದು ನಾಲ್ಕರಿಂದ ಎಂಟನೇ ಭೇಟಿಯ ನಡುವೆ. ಭೇಟಿಗಿಂತ ಭೇಟಿಗಳ ನಡುವಿನ ಮನೆಗೆಲಸದಲ್ಲೇ ಹೆಚ್ಚು ಗುಣವಿದೆ. ಆರು ಭೇಟಿಯಾದರೂ ಗುರಿ ಬರೆದಿಲ್ಲ, ಮನೆಗೆಲಸ ಕೊಟ್ಟಿಲ್ಲ, ಭಯದ ಜಾಗಕ್ಕೆ ಹೋಗುವ ಮಾತೇ ಬಂದಿಲ್ಲ ಎಂದಾದರೆ ಅಲ್ಲಿ ನಡೆಯುತ್ತಿರುವುದು ಸಮಾಧಾನದ ಮಾತುಕತೆ. ಅದರಿಂದ ಮನಸ್ಸು ಹಗುರವಾಗಬಹುದು, ಆದರೆ ಅದು ಸಿಬಿಟಿ ಅಲ್ಲ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಮಾತ್ರೆಯೋ ಥೆರಪಿಯೋ ಎಂಬ ಪ್ರಶ್ನೆಗೆ 2008ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಒಳ್ಳೆಯ ಬೆಳಕು ಬೀರುತ್ತದೆ. ಆತಂಕದ ಕಾಯಿಲೆಯಿದ್ದ 7ರಿಂದ 17 ವರ್ಷದ 488 ಮಕ್ಕಳನ್ನು ಹನ್ನೆರಡು ವಾರ ನೋಡಿಕೊಂಡರು. ಸರ್ಟ್ರಾಲಿನ್ ಮತ್ತು ಸಿಬಿಟಿ ಎರಡೂ ಸಿಕ್ಕವರಲ್ಲಿ ನೂರಕ್ಕೆ 81 ಮಂದಿ ಚೆನ್ನಾಗಿ ಸುಧಾರಿಸಿದರು. ಸಿಬಿಟಿ ಮಾತ್ರ ಪಡೆದವರಲ್ಲಿ 60, ಸರ್ಟ್ರಾಲಿನ್ ಮಾತ್ರ ಪಡೆದವರಲ್ಲಿ 55, ಸಕ್ಕರೆ ಮಾತ್ರೆ ಪಡೆದವರಲ್ಲಿ 24. ಒಂದೊಂದೂ ಕೆಲಸ ಮಾಡುತ್ತದೆ, ಎರಡೂ ಕೂಡಿದರೆ ಇನ್ನೂ ಚೆನ್ನಾಗಿ ಮಾಡುತ್ತದೆ. ಎರಡೂ ಸಿಕ್ಕಿಯೂ ಐವರಲ್ಲಿ ಒಬ್ಬರಿಗೆ ಹನ್ನೆರಡು ವಾರ ಸಾಲಲಿಲ್ಲ ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ.

ಉಳಿದುಹೋಗುವ ತೊಂದರೆಗಳು

ಮೊದಲ ವಾರಗಳ ತೊಂದರೆ ಹೋದ ಮೇಲೂ ಕೆಲವು ಉಳಿಯುತ್ತವೆ. ಅದರಲ್ಲಿ ಮುಖ್ಯವಾದದ್ದನ್ನು ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ. ಲೈಂಗಿಕ ಆಸಕ್ತಿ ತಗ್ಗುವುದು, ಗಂಡಸರಲ್ಲಿ ಸ್ಖಲನ ತಡವಾಗುವುದು, ಹೆಂಗಸರಲ್ಲಿ ತೃಪ್ತಿ ಸಿಗದಿರುವುದು ಈ ಮಾತ್ರೆಗಳಲ್ಲಿ ಸಾಮಾನ್ಯ. ಹೊಟ್ಟೆ ತೊಳಸುವುದರ ಹಾಗೆ ಇದು ತಾನಾಗಿ ಹೋಗುವುದು ಕಡಿಮೆ. ಎಷ್ಟೋ ಗಂಡ ಹೆಂಡಿರು ಇದನ್ನು ಪ್ರೀತಿ ಕಡಿಮೆಯಾದ ಗುರುತು ಎಂದುಕೊಂಡು ಒಳಗೊಳಗೇ ಕೊರಗುತ್ತಾರೆ, ಇಲ್ಲವೇ ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ. ಹೇಳಿದರೆ ದಾರಿಗಳಿವೆ: ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು, ಥೆರಪಿಯ ಮೇಲೆ ಹೆಚ್ಚು ಭಾರ ಹಾಕಬಹುದು. ಬಹುಪಾಲು ಜನರಿಗೆ ಮಾತ್ರೆ ನಿಂತ ಮೇಲೆ ಇದು ಸರಿಹೋಗುತ್ತದೆ, ಕೆಲವೇ ಕೆಲವರಲ್ಲಿ ಆಮೇಲೂ ಉಳಿದ ವರದಿಗಳಿವೆ.

ಕೆಲವರಿಗೆ ತಿಂಗಳುಗಳಲ್ಲಿ ತೂಕ ಸ್ವಲ್ಪ ಏರುತ್ತದೆ, ಪ್ಯಾರೊಕ್ಸೆಟಿನ್‌ನಲ್ಲಿ ಇದು ಹೆಚ್ಚು. ದುಃಖವೂ ಆಗದ, ಸಂತೋಷವೂ ಆಗದ ಒಂದು ಮರಗಟ್ಟಿದ ಸ್ಥಿತಿಯನ್ನು ಹೇಳುವವರೂ ಇದ್ದಾರೆ. ಅದು ಪ್ರಮಾಣ ಹೆಚ್ಚಾಗಿರುವ ಸೂಚನೆ ಇರಬಹುದು. ಮಂಡಿನೋವಿಗೆ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್ ನುಂಗುವವರಿಗೆ ಜೊತೆಗೆ ಎಸ್‌ಎಸ್‌ಆರ್‌ಐ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿಗೆಂದು ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ರಕ್ತದ ಸೋಡಿಯಂ ಇಳಿದು ಮಂಕು ಕವಿಯಬಹುದು. ಮಾತ್ರೆ ಶುರುವಾದ ಮೊದಲ ತಿಂಗಳಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಬಿಡುವ ಕ್ರಮ

ಚೆನ್ನಾಗಿದ್ದೇನೆ ಎನಿಸಿದ ದಿನದಿಂದ ಇನ್ನೂ ಆರು ತಿಂಗಳಿಂದ ಒಂದು ವರ್ಷ ಮಾತ್ರೆ ಮುಂದುವರಿಯಬೇಕು. ಬೇಗ ಬಿಟ್ಟವರಲ್ಲಿ ಕಾಯಿಲೆ ಮರಳುವುದು ಹೆಚ್ಚು. ಬಿಡುವಾಗ ಒಮ್ಮೆಲೇ ಬಿಡಬಾರದು. ನಮ್ಮ ನೌಕರನಿಗೆ 10ರಿಂದ 5ಕ್ಕೆ ಇಳಿಸಿ ಒಂದು ತಿಂಗಳು, ಆಮೇಲೆ ಅದರ ಅರ್ಧ ಒಂದು ತಿಂಗಳು, ನಂತರ ಪೂರ್ತಿ ನಿಲ್ಲಿಸುವುದು ಒಂದು ಕ್ರಮ. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಇದಕ್ಕಿಂತ ನಿಧಾನ ಬೇಕಾಗುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಸ್ಟ್ರಿಪ್ಪು ಮರೆತು ಮೂರು ದಿನ ತಪ್ಪಿಸಿದವರಿಗೆ ಥಟ್ಟನೆ ನಿಲ್ಲಿಸುವುದರ ಪರಿಣಾಮ ಗೊತ್ತಿರುತ್ತದೆ: ತಲೆಸುತ್ತು, ಸಿಡುಕು, ವಿಚಿತ್ರ ಕನಸು, ತಲೆಯೊಳಗೆ ಕರೆಂಟು ಹೊಡೆದಂತೆ ಝುಮ್ಮೆನ್ನುವುದು. ಪ್ಯಾರೊಕ್ಸೆಟಿನ್‌ನಲ್ಲಿ ಇದು ಜೋರು. ಮೈಯಿಂದ ಬಹಳ ನಿಧಾನಕ್ಕೆ ಹೊರಹೋಗುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ.

ಇದನ್ನು ಕಂಡು ‘ಕಾಯಿಲೆ ಮರಳಿತು’ ಎಂದೋ, ‘ಮಾತ್ರೆಯ ಚಟ ಹತ್ತಿತು’ ಎಂದೋ ಹೆದರುವುದು ಸಹಜ. ಗುರುತಿಸಲು ದಿನಗಳ ಲೆಕ್ಕ ನೆರವಾಗುತ್ತದೆ. ಮಾತ್ರೆ ಬಿಟ್ಟ ಎರಡು ನಾಲ್ಕು ದಿನಗಳಲ್ಲೇ ಶುರುವಾಗಿ, ಹಿಂದೆಂದೂ ಇರದ ಕರೆಂಟು ಹೊಡೆದಂಥ ಅನುಭವ ತಂದು, ಮಾತ್ರೆ ಮತ್ತೆ ತೆಗೆದುಕೊಂಡ ಒಂದೆರಡು ದಿನದಲ್ಲಿ ಅಡಗಿದರೆ ಅದು ಬಿಟ್ಟದ್ದರ ಪರಿಣಾಮ. ವಾರಗಳು, ತಿಂಗಳುಗಳು ಕಳೆದ ಮೇಲೆ ಹಳೆಯ ಗಾಬರಿ, ಹಳೆಯ ತಪ್ಪಿಸಿಕೊಳ್ಳುವಿಕೆ ಮೆಲ್ಲಗೆ ಮರಳಿದರೆ ಅದು ಕಾಯಿಲೆ. ಮೊದಲನೆಯದಕ್ಕೆ ಇನ್ನಷ್ಟು ನಿಧಾನವಾಗಿ ಇಳಿಸಿದರೆ ಸಾಕು. ಎರಡನೆಯದಕ್ಕೆ ಮತ್ತೆ ಚಿಕಿತ್ಸೆ ಬೇಕು. ಚಟವೆಂದರೆ ದಿನದಿಂದ ದಿನಕ್ಕೆ ಹೆಚ್ಚು ಬೇಕೆನಿಸುವ ಹಪಾಹಪಿ, ಅದು ಎಸ್‌ಎಸ್‌ಆರ್‌ಐನಲ್ಲಿ ಇಲ್ಲ. ಗರ್ಭ ನಿಂತಿದೆ ಎಂದು ಗೊತ್ತಾದ ದಿನವೇ ಹೆದರಿ ಮಾತ್ರೆ ನಿಲ್ಲಿಸುವ ಹೆಣ್ಣುಮಕ್ಕಳಿದ್ದಾರೆ. ಅವರೂ ಮೊದಲು ವೈದ್ಯರನ್ನು ಕಾಣಬೇಕು. ಪ್ಯಾರೊಕ್ಸೆಟಿನ್ ಆದರೆ ಬದಲಿಸುವುದುಂಟು, ಉಳಿದವು ಹಲವರಲ್ಲಿ ಮುಂದುವರಿಯುತ್ತವೆ.

ಮಾತ್ರೆ ಇಳಿಸುವ ಆ ಎರಡು ಮೂರು ತಿಂಗಳಲ್ಲೇ ಥೆರಪಿಯ ಬೆಲೆ ಕಾಣುವುದು. ಎದೆ ಒಮ್ಮೆ ಜೋರಾಗಿ ಬಡಿದಾಗ ಸ್ಟ್ರಾ ಹಿಡಿದು ಉಸಿರಾಡಿದ ದಿನ ನೆನಪಿದ್ದವನು ಬಸ್ಸಿನಲ್ಲೇ ಕೂತಿರುತ್ತಾನೆ. ಆ ಅಭ್ಯಾಸ ಇಲ್ಲದವನು ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಾನೆ.

ಮನೋವೈದ್ಯರು ಹತ್ತಿರದಲ್ಲಿಲ್ಲದವರು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.